ಅಂಚು ದಾಟದೆ ನೆರೆ ಎಣಿಸಿದ್ದು: 5×5 ಗ್ರಿಡ್‌ನಲ್ಲಿ ಒಂದು ತಲೆಮಾರು

ಗೇಮ್ ಆಫ್ ಲೈಫ್‌ನ ನಿಯಮ ಹೇಳಿ ಮುಗಿಸಲು ಒಂದು ನಿಮಿಷ ಸಾಕು. ಚೌಕಳಿಯ ಪ್ರತಿ ಮನೆಯೂ ಜೀವಂತ, ಇಲ್ಲವೇ ಖಾಲಿ. ಒಂದು ಮನೆಗೆ ಮೇಲೆ, ಕೆಳಗೆ, ಎಡ, ಬಲ, ನಾಲ್ಕು ಓರೆ ದಿಕ್ಕು ಸೇರಿ ಎಂಟು ನೆರೆಮನೆ. ಜೀವಂತ ಮನೆಗೆ ಎರಡು ಅಥವಾ ಮೂರು ಜೀವಂತ ನೆರೆ ಇದ್ದರೆ ಅದು ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೂ ಸಾವು, ಹೆಚ್ಚಾದರೂ ಸಾವು. ಖಾಲಿ ಮನೆಗೆ ಸರಿಯಾಗಿ ಮೂರು ನೆರೆ ಇದ್ದರೆ ಅಲ್ಲಿ ಹೊಸ ಹುಟ್ಟು. ಜಾನ್ ಕಾನ್ವೇ ರೂಪಿಸಿದ ಈ ಆಟದ ಬಗ್ಗೆ ಮಾರ್ಟಿನ್ ಗಾರ್ಡ್ನರ್ 1970ರ ಅಕ್ಟೋಬರ್‌ನ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದಾಗ ಆಟದ ಬಯಲಿಗೆ ಕೊನೆಯೇ ಇರಲಿಲ್ಲ. ನನ್ನ ಬಳಿ ಇದ್ದದ್ದು ಐದು ಸಾಲು, ಐದು ಕಾಲಮ್. ಹಾಗಾಗಿ ನಿಯಮದಲ್ಲಿ ಎಲ್ಲೂ ಹೇಳದ ಒಂದು ಪ್ರಶ್ನೆಯನ್ನು ನಾನೇ ಇತ್ಯರ್ಥ ಮಾಡಬೇಕಾಯಿತು: ಅಂಚಿನ ಆಚೆ ಏನಿದೆ?

ಏನೂ ಇಲ್ಲ ಎಂದು ತೀರ್ಮಾನಿಸಿದೆ. ಅಂಚಿನ ಆಚೆಗೆ ಮನೆಯೇ ಇಲ್ಲ, ಆದ್ದರಿಂದ ಅದು ಎಣಿಕೆಗೂ ಬರುವುದಿಲ್ಲ. ಮೂಲೆಯ ಮನೆಗೆ ಮೂರೇ ನೆರೆ, ಅಂಚಿನ ಮನೆಗೆ ಐದು, ಒಳಗಿನ ಮನೆಗೆ ಎಂಟು. ಕೋಡ್ ಬರೆಯುವ ಮುಂಚೆ ಈ ತೀರ್ಮಾನ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಆ ತೀರ್ಮಾನವನ್ನು ಪ್ರೋಗ್ರಾಮಿಂಗ್ ಭಾಷೆಯೇ ತನಗೆ ತೋಚಿದಂತೆ ಮಾಡಿಬಿಡುತ್ತದೆ; ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಪೆನ್ಸಿಲ್ ಹಿಡಿದೆ. ಅಂಚನ್ನೇ ಪರೀಕ್ಷಿಸಬೇಕಿದ್ದರಿಂದ ಮಧ್ಯದಲ್ಲಿ ಆಕೃತಿ ಇಟ್ಟು ಪ್ರಯೋಜನವಿಲ್ಲ. ಸಾಲಾಗಿ ಮೂರು ಜೀವಂತ ಮನೆಗಳ ಆಕೃತಿಗೆ ಬ್ಲಿಂಕರ್ ಎನ್ನುತ್ತಾರೆ. ಬಯಲಿನಲ್ಲಿ ಅದು ಒಮ್ಮೆ ಅಡ್ಡ, ಒಮ್ಮೆ ಉದ್ದ ಆಗುತ್ತ ಶಾಶ್ವತವಾಗಿ ಮಿನುಗುತ್ತದೆ. ಅದನ್ನು ತೀರಾ ಮೇಲಿನ ಸಾಲಿಗೆ ಅಂಟಿಸಿದೆ. ಸಾಲು, ಕಾಲಮ್ ಎರಡನ್ನೂ ಸೊನ್ನೆಯಿಂದ ಎಣಿಸಿದರೆ (0,1), (0,2), (0,3) ಜೀವಂತ. ಪಕ್ಕದಲ್ಲಿ ಇನ್ನೊಂದು ಚೌಕಳಿ ಎಳೆದು ಪ್ರತಿ ಮನೆಯ ನೆರೆ ಸಂಖ್ಯೆ ತುಂಬಿದೆ:

```
ಆಕೃತಿ          ನೆರೆ ಸಂಖ್ಯೆ
. # # # .      1 1 2 1 1
. . . . .      1 2 3 2 1
. . . . .      0 0 0 0 0
. . . . .      0 0 0 0 0
. . . . .      0 0 0 0 0
```

ಇಂಥ ಕೋಷ್ಟಕ ಸರಿಯಿದೆಯೇ ಎಂದು ನೋಡಲು ಒಂದು ತಾಳೆ ಇದೆ. ಪ್ರತಿ ಜೀವಂತ ಮನೆಯೂ ತನಗೆಷ್ಟು ನೆರೆಮನೆಗಳಿವೆಯೋ ಅಷ್ಟು ಕಡೆ ಒಂದೊಂದು ಅಂಕ ಸೇರಿಸಿರುತ್ತದೆ. ಇಲ್ಲಿನ ಮೂರೂ ಅಂಚಿನ ಮನೆಗಳು, ಒಂದೊಂದಕ್ಕೆ ಐದು ನೆರೆ. ಅಂದರೆ ಕೋಷ್ಟಕದ ಒಟ್ಟು ಮೊತ್ತ 15 ಬರಬೇಕು. ಮೊದಲ ಸಾಲು 6, ಎರಡನೆಯದು 9, ಸರಿ ಹೋಯಿತು.

ಈಗ ನಿಯಮ ಹಚ್ಚಿದರೆ (0,1), (0,3) ಎರಡಕ್ಕೂ ಒಂದೊಂದೇ ನೆರೆ, ಸಾಯುತ್ತವೆ. (0,2)ಕ್ಕೆ ಎರಡು, ಉಳಿಯುತ್ತದೆ. ಖಾಲಿಯಿದ್ದ (1,2)ಕ್ಕೆ ಮೂರು, ಅಲ್ಲಿ ಹುಟ್ಟು. ಬಯಲಿನಲ್ಲಾಗಿದ್ದರೆ ಮೇಲೆಯೂ ಒಂದು ಹುಟ್ಟಿ ಉದ್ದದ ಬ್ಲಿಂಕರ್ ಆಗುತ್ತಿತ್ತು. ಇಲ್ಲಿ ಮೇಲೆ ಜಾಗವಿಲ್ಲ, ಉಳಿಯುವುದು ಎರಡೇ ಮನೆ. ಅದರ ಮುಂದಿನ ತಲೆಮಾರಿನಲ್ಲಿ ಆ ಎರಡಕ್ಕೂ ಒಂದೊಂದೇ ನೆರೆ, ಗ್ರಿಡ್ ಪೂರ್ತಿ ಖಾಲಿ. ಶಾಶ್ವತವಾಗಿ ಮಿನುಗಬೇಕಿದ್ದ ಆಕೃತಿ ಎರಡೇ ತಲೆಮಾರಿನಲ್ಲಿ ಮುಗಿಯುತ್ತದೆ. ನಾವು ಒಪ್ಪಿಕೊಂಡ ಅಂಚಿನ ಪ್ರಕಾರ ಇದೇ ಸರಿಯುತ್ತರ. ಕೋಡ್ ಕೂಡ ಇದನ್ನೇ ಹೇಳಬೇಕು.

ಕೋಡಿಗೆ ಪೈಥಾನ್ ಬಳಸಿದೆ. ಎಂಟು ದಿಕ್ಕಿನ ಪಟ್ಟಿ ಮಾಡಿ ಪ್ರತಿಯೊಂದಕ್ಕೂ `if 0 <= i < rows` ಎಂದು ಕೇಳುವುದು ರೂಢಿಯ ದಾರಿ, ಅದರಲ್ಲಿ ತಪ್ಪೇನಿಲ್ಲ. ನನಗೆ ಹಿಡಿಸಿದ್ದು ಲೂಪ್ ಶುರುವಾಗುವ ಮುಂಚೆಯೇ ವ್ಯಾಪ್ತಿಯನ್ನು ಕತ್ತರಿಸಿಬಿಡುವುದು. ಆಗ ಹೊರಗೆ ಕಾಲಿಡುವ ಸಂದರ್ಭವೇ ಬರುವುದಿಲ್ಲ.

```python
def count(g, r, c):
    rows, cols = len(g), len(g[0])
    n = 0
    for i in range(max(0, r-1), min(rows, r+2)):
        for j in range(max(0, c-1), min(cols, c+2)):
            if (i, j) != (r, c):
                n += g[i][j]
    return n
```

`r+2` ನೋಡಿ ಅನುಮಾನ ಬೇಡ. `range` ಕೊನೆಯ ಸಂಖ್ಯೆಯನ್ನು ಒಳಗೊಳ್ಳುವುದಿಲ್ಲ, ಹಾಗಾಗಿ `r+1`ನೇ ಸಾಲನ್ನು ಮುಟ್ಟಬೇಕಾದರೆ `r+2` ಎಂದೇ ಬರೆಯಬೇಕು. ತನ್ನನ್ನು ತಾನೇ ಎಣಿಸಿಕೊಳ್ಳದಂತೆ ಆ `if` ಒಂದು ಮಾತ್ರ ಬೇಕು.

ಇದನ್ನು ಪರೀಕ್ಷಿಸಲು ನಾನು ಆಕೃತಿಗಳನ್ನು ಹುಡುಕಲಿಲ್ಲ. ಎಲ್ಲ ಮನೆಯೂ ಜೀವಂತವಾಗಿರುವ, ಮೂರು ಸಾಲು ನಾಲ್ಕು ಕಾಲಮ್‌ನ ಗ್ರಿಡ್ ಕೊಟ್ಟು ನೆರೆ ಸಂಖ್ಯೆಗಳನ್ನು ಅಚ್ಚು ಹಾಕಿಸಿದೆ. ಚೌಕವಲ್ಲದ ಗ್ರಿಡ್ ಬೇಕೆಂದೇ ಆರಿಸಿದ್ದು. `rows`, `cols` ಎಲ್ಲಾದರೂ ಅದಲುಬದಲಾದರೆ 5×5ರಲ್ಲಿ ಅದು ಎಂದಿಗೂ ಗೊತ್ತಾಗುವುದಿಲ್ಲ. ಬರಬೇಕಾದದ್ದು ಇದು:

```
3 5 5 3
5 8 8 5
3 5 5 3
```

ಮೂಲೆ, ಅಂಚು, ಒಳಗು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಮೇಲೆ ಕೆಳಗೆ ಮಗುಚಿದರೂ, ಎಡಬಲ ತಿರುಗಿಸಿದರೂ ಕೋಷ್ಟಕ ಹಾಗೇ ಇರಬೇಕು. `r+2` ಬದಲು `r+1` ಬರೆದಿದ್ದರೆ ಮೇಲಿನ ಸಾಲಿನ ಸಂಖ್ಯೆಗಳು ಕುಸಿದು ಈ ಹೊಂದಿಕೆ ತಕ್ಷಣ ಕೆಡುತ್ತದೆ.

ಈ ಪರೀಕ್ಷೆಯ ಬೆಲೆ ಚೆನ್ನಾಗಿ ಕಂಡದ್ದು ಜೊತೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ತನ್ನ ಕೋಡ್ ತಂದು ತೋರಿಸಿದಾಗ. ಅವನು ಅಂಚಿನ ಪರಿಶೀಲನೆ ಬರೆದಿರಲಿಲ್ಲ. ಓಡಿಸಿದಾಗ `IndexError` ಬಂತು. ಆ ಸಾಲನ್ನು `try` ಒಳಗಿಟ್ಟು, ದೋಷ ಬಂದರೆ ಮುಂದೆ ಸಾಗು ಎಂದು ಬರೆದುಬಿಟ್ಟಿದ್ದ. "ಈಗ ಎರರ್ ಬರ್ತಾ ಇಲ್ಲ ಸರ್, ಬ್ಲಿಂಕರ್ ಕೂಡ ಮೇಲಿನ ಅಂಚಲ್ಲಿ ಇಟ್ಟು ನೋಡಿದೆ, ಎರಡೇ ಉಳೀತು" ಎಂದ. ಅವನ ಮಾತು ನಿಜವೇ. "ಕೆಳಗಿನ ಅಂಚಲ್ಲಿ ಇಟ್ಟು ನೋಡಪ್ಪ" ಎಂದೆ. ಉಳಿದದ್ದು ಮೂರು: (3,2), (4,2), ಅವುಗಳ ಜೊತೆಗೆ ದೂರದ ಮೇಲಿನ ಸಾಲಿನಲ್ಲಿ (0,2).

ಪೈಥಾನ್‌ನಲ್ಲಿ ಐದು ಸಾಲಿನ ಪಟ್ಟಿಗೆ `g[5]` ಕೇಳಿದರೆ ದೋಷ. ಆದರೆ `g[-1]` ಕೇಳಿದರೆ ದೋಷವಿಲ್ಲ, ಕೊನೆಯ ಸಾಲು ಸಿಗುತ್ತದೆ. ಹಾಗಾಗಿ ಮೇಲಿನ ಸಾಲು ತನ್ನ "ಮೇಲೆ" ಇಣುಕಿದಾಗ ಕೆಳಗಿನ ಸಾಲನ್ನು ಕಾಣುತ್ತದೆ. ಕೆಳಗಿನ ಸಾಲು ಕೆಳಗೆ ಇಣುಕಿದರೆ ಏನೂ ಕಾಣುವುದಿಲ್ಲ. ಎಡ ಅಂಚಿನ ಕಾಲಮ್‌ಗೂ ಇದೇ ಗತಿ. ಬ್ಲಿಂಕರ್ ಮೇಲಿದ್ದಾಗ ಅದನ್ನು ನೋಡಬೇಕಾದ ಕೆಳಗಿನ ಸಾಲು ಕುರುಡಾಗಿತ್ತು, ಉತ್ತರ ಸರಿ ಬಂತು. ಕೆಳಗಿದ್ದಾಗ ಮೇಲಿನ ಸಾಲಿಗೆ ಅದು ಕಂಡಿತು, ಮೂರು ನೆರೆ ಎಂದು ಅಲ್ಲೊಂದು ಹುಟ್ಟಿಸಿತು. ಅದೇ ಕೋಡಿಗೆ ತುಂಬಿದ 3×4 ಗ್ರಿಡ್ ಕೊಟ್ಟಾಗ ಬಂದದ್ದು:

```
8 8 8 5
8 8 8 5
5 5 5 3
```

ಎಡಮೇಲಿನ ಮೂಲೆಗೆ ಎಂಟು ನೆರೆ, ಬಲಕೆಳಗಿನ ಮೂಲೆಗೆ ಮೂರು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ದೋಷ ಬಂದು ನಿಂತುಹೋಗುವ ಕೋಡಿಗಿಂತ ಹೀಗೆ ಅರ್ಧ ಸರಿ ಉತ್ತರ ಕೊಡುವ ಕೋಡ್ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಬೇರೆ ಭಾಷೆಗಳಲ್ಲಿ ಲಕ್ಷಣ ಬೇರೆ. ಸಿ ಭಾಷೆಯಲ್ಲಿ ಇಡೀ ಗ್ರಿಡ್ಡನ್ನು ಒಂದೇ ಉದ್ದದ ಅರೇ ಆಗಿ ಇಟ್ಟುಕೊಂಡು `r*cols + c` ಎಂದು ಲೆಕ್ಕ ಹಾಕುವವರಿಗೆ, ಎಡ ಅಂಚಿನ ಮನೆಯ "ಎಡಕ್ಕೆ" ಹೋದರೆ ಹಿಂದಿನ ಸಾಲಿನ ಬಲತುದಿ ಸಿಗುತ್ತದೆ. ಅಲ್ಲಿಯೂ ಎರರ್ ಇಲ್ಲ, ಉತ್ತರ ಮಾತ್ರ ತಪ್ಪು.

ಎಣಿಕೆ ಗಟ್ಟಿಯಾದ ಮೇಲೆ ಒಂದು ತಲೆಮಾರು ಮುಂದೆ ಹೋಗುವುದು ಸಣ್ಣ ಕೆಲಸ:

```python
def step(g):
    new = [[0] * len(g[0]) for _ in g]
    for r in range(len(g)):
        for c in range(len(g[0])):
            n = count(g, r, c)
            if n == 3 or (n == 2 and g[r][c]):
                new[r][c] = 1
    return new
```

ಇಲ್ಲಿ `new` ಏಕೆ ಬೇಕು ಎಂಬುದಕ್ಕೆ ಮೇಲಿನ ಬ್ಲಿಂಕರ್ ಸಾಕು. ಹಳೆಯ ಗ್ರಿಡ್ಡನ್ನೇ ತಿದ್ದುತ್ತ ಹೋದರೆ (0,1) ಮೊದಲು ಸಾಯುತ್ತದೆ. ನಂತರ (0,2)ರ ಸರದಿ ಬಂದಾಗ ಅದಕ್ಕೆ ಎರಡರ ಬದಲು ಒಂದೇ ನೆರೆ ಕಾಣುತ್ತದೆ, ಅದೂ ಸಾಯುತ್ತದೆ. (0,3)ಕ್ಕೆ ಯಾರೂ ಉಳಿದಿರುವುದಿಲ್ಲ. ಕೆಳಗೆ ಹುಟ್ಟಬೇಕಿದ್ದದ್ದು ಹುಟ್ಟುವುದಿಲ್ಲ, ಒಂದೇ ತಲೆಮಾರಿಗೆ ಗ್ರಿಡ್ ಬರಿದು. ಎಲ್ಲ ಮನೆಗಳ ಹಣೆಬರಹವೂ ಹಳೆಯ ಸ್ಥಿತಿಯನ್ನು ನೋಡಿಯೇ ತೀರ್ಮಾನವಾಗಬೇಕು. ಹಾಗೆಯೇ `new` ಕಟ್ಟುವಾಗ `[[0]*5]*5` ಎಂಬ ಅಡ್ಡದಾರಿ ಬೇಡ. ಅದರಿಂದ ಐದು ಸಾಲು ಆಗುವುದಿಲ್ಲ, ಒಂದೇ ಸಾಲಿಗೆ ಐದು ಹೆಸರು ಆಗುತ್ತದೆ. ಪರದೆಯ ಮೇಲೆ ಮೇಲಿಂದ ಕೆಳಗಿನವರೆಗೆ ಉದ್ದುದ್ದ ಗೆರೆಗಳು ಕಂಡರೆ ಕಾರಣ ಇದೇ.

ಅಂಚಿನ ಪರಿಶೀಲನೆಯೇ ಬೇಡ ಎನ್ನುವವರು ಗ್ರಿಡ್ ಸುತ್ತ ಒಂದು ಮನೆ ಅಗಲದ ಸೊನ್ನೆಗಳ ಬೇಲಿ ಹಾಕುತ್ತಾರೆ. 5×5 ಹೋಗಿ 7×7 ಆಗುತ್ತದೆ, ಒಳಗಿನ ಪ್ರತಿ ಮನೆಗೂ ಎಂಟು ನೆರೆ ಖಾತ್ರಿ. ಅದನ್ನೂ ಬರೆದು ನೋಡಿದೆ, ಎಣಿಕೆಯ ಸಾಲುಗಳು ಚೊಕ್ಕವಾಗುತ್ತವೆ. ಷರತ್ತು ಒಂದೇ: ಬೇಲಿಯ ಮನೆಗಳಿಗೆ ನಿಯಮ ಹಚ್ಚಕೂಡದು. ಹಚ್ಚಿದರೆ ಮೇಲಿನ ಬ್ಲಿಂಕರ್ ಬೇಲಿಯೊಳಗೇ ಒಂದು ಮನೆ ಹುಟ್ಟಿಸುತ್ತದೆ, ಮುಂದಿನ ತಲೆಮಾರಿನಲ್ಲಿ ಅದು ಒಳಗಿನ ಎಣಿಕೆಗೆ ಸೇರಿಕೊಳ್ಳುತ್ತದೆ.

ಯಾವ ದಾರಿ ಹಿಡಿದರೂ ಗೋಡೆ ಗೋಡೆಯೇ. ಓರೆಯಾಗಿ ಸಾಗುವ ಗ್ಲೈಡರ್ ಅನ್ನು 4×4 ಗ್ರಿಡ್‌ನ ಎಡಮೇಲಿನ ಮೂಲೆಯಲ್ಲಿ, ಬಲಕೆಳಗೆ ಹೋಗುವಂತೆ ಇಟ್ಟೆ:

```
. # . .
. . # .
# # # .
. . . .
```

ನಾಲ್ಕನೆಯ ತಲೆಮಾರಿನಲ್ಲಿ ಅದು ಒಂದು ಮನೆ ಓರೆಗೆ ಸರಿದು, ಅದೇ ಆಕಾರದಲ್ಲಿ ಮೂಲೆಗೆ ತಾಗಿ ನಿಂತಿತು. ಏಳನೆಯದರ ಹೊತ್ತಿಗೆ ಮೂಲೆಯಲ್ಲಿ 2×2 ಚೌಕವಾಗಿ ಗಟ್ಟಿಯಾಯಿತು. ಆಮೇಲೆ ಎಷ್ಟು ಓಡಿಸಿದರೂ ಅದು ಅಲುಗುವುದಿಲ್ಲ, ಏಕೆಂದರೆ ಆ ನಾಲ್ಕು ಮನೆಗಳಲ್ಲಿ ಪ್ರತಿಯೊಂದಕ್ಕೂ ಮೂರು ನೆರೆ. ಗ್ಲೈಡರ್ ಇನ್ನೂ ದೂರ ಸಾಗುವುದನ್ನು ನೋಡಬೇಕೆನ್ನುವವರು ದೊಡ್ಡ ಗ್ರಿಡ್ ತೆಗೆದುಕೊಳ್ಳಬೇಕು. ಇಲ್ಲವೇ `i`ಗೆ -1, 0, 1 ಕೊಟ್ಟು `(r + i) % rows` ಬಳಸಿ ಎದುರುಬದುರಿನ ಅಂಚುಗಳನ್ನು ಕೂಡಿಸಬೇಕು, ಈ ಸಲ ಎರಡೂ ಕಡೆಯಿಂದ. ಹಾಗೆ ಕೂಡಿಸುವಾಗ ಸಾಲುಗಳೂ ಕಾಲಮ್‌ಗಳೂ ಕನಿಷ್ಠ ಮೂರು ಇರಲಿ. ಎರಡೇ ಸಾಲಿದ್ದರೆ ಮೇಲಿನ ನೆರೆ, ಕೆಳಗಿನ ನೆರೆ ಎರಡೂ ಒಂದೇ ಮನೆಯಾಗಿ ಅದು ಎರಡು ಸಲ ಎಣಿಕೆಗೆ ಬರುತ್ತದೆ.