ಮೂರು ಮಿಲಿಮೀಟರಿನ ಮಾತು

ಮಂಗಳೂರಿನಲ್ಲಿ ಬಾಯಿ ಕ್ಯಾನ್ಸರಿನ ಸರ್ಜರಿ ಮಾಡುವವಳು ನಾನು. ವರ್ಷಗಳ ಹಿಂದೆ ಒಬ್ಬರ ಮನೆಯವರಿಗೆ ‘ಮಾರ್ಜಿನ್ ಕ್ಲಿಯರ್’, ಅಂದರೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಎಂದಷ್ಟೇ ಹೇಳಿ ಕಳಿಸಿದ್ದೆ. ಪೂರ್ತಿ ಗುಣವಾಯಿತೆಂದು ತಿಳಿದುಕೊಂಡ ಅವರು ತಪಾಸಣೆಗೇ ಬರಲಿಲ್ಲ. ಎಂಟು ತಿಂಗಳಾದ ಮೇಲೆ ಬಂದಾಗ ಕುತ್ತಿಗೆಯಲ್ಲಿ ಗಂಟಿತ್ತು. ಆ ಮೇಲೆ ರಿಪೋರ್ಟ್ ಹೇಳುವ ರೀತಿಯನ್ನೇ ಬದಲಿಸಿದೆ.

ಕಳೆದ ಮಳೆಗಾಲದಲ್ಲಿ ಎಲೆ-ಅಡಿಕೆ ಅಭ್ಯಾಸವಿದ್ದ ಒಬ್ಬ ಅಮ್ಮ ನಾಲಗೆಯ ಬದಿಯ ಹುಣ್ಣು ತೋರಿಸಲು ಬಂದರು. ಬಯಾಪ್ಸಿಯಲ್ಲಿ ‘ಮ್ಯಾಲಿಗ್ನಂಟ್, ಗ್ರೇಡ್ 2’ ಎಂದು ಬಂತು. ಮಗ ಮೊಬೈಲಿನಲ್ಲಿ ಓದಿಕೊಂಡೇ ಬಂದಿದ್ದ. “ಎರಡನೇ ಸ್ಟೇಜ್ ಅಲ್ವಾ ಡಾಕ್ಟ್ರೇ?”

ಅಲ್ಲ ಎಂದೆ. ಬಿನೈನ್ ಗಡ್ಡೆ ಇದ್ದಲ್ಲೇ ಬೆಳೆಯುತ್ತದೆ. ಮ್ಯಾಲಿಗ್ನಂಟ್ ಎಂದರೆ ಕ್ಯಾನ್ಸರ್, ಅದು ಪಕ್ಕಕ್ಕೆ ನುಗ್ಗಬಲ್ಲದು, ದೂರಕ್ಕೂ ಹರಡಬಲ್ಲದು. ಆ ಜೀವಕೋಶಗಳು ಸಹಜ ರೂಪದಿಂದ ಎಷ್ಟು ಕೆಟ್ಟಿವೆ ಎನ್ನುವುದು ಗ್ರೇಡ್. ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎನ್ನುವುದು ಸ್ಟೇಜ್. ಅದಕ್ಕೆ ಸ್ಕ್ಯಾನ್ ಬೇಕು, ಸರ್ಜರಿಯ ನಂತರದ ರಿಪೋರ್ಟೂ ಬೇಕು. ‘ಅಂದರೆ ಸ್ಟೇಜ್ ಕಡಿಮೆ ಇರಬಹುದು’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಇನ್ನೂ ಗೊತ್ತಿಲ್ಲದ್ದನ್ನು ಹೇಳಬಾರದೆಂದು ತಡೆದುಕೊಂಡೆ.

ಸರ್ಜರಿಯ ನಂತರದ ರಿಪೋರ್ಟಿನಲ್ಲಿ ಕುತ್ತಿಗೆಯ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಆದರೆ ಆಳದ ಮಾರ್ಜಿನ್ 3 ಮಿಲಿಮೀಟರ್. ಕಾಗದದ ಮೇಲೆ ಒಂದು ಉರುಟು, ಅದರ ಸುತ್ತ ಇನ್ನೊಂದು ಉರುಟು ಬರೆದೆ. “ಮಾವಿನಹಣ್ಣಿನ ಕೊಳೆತ ಜಾಗ ತೆಗೆಯುವಾಗ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ಕತ್ತರಿಸುತ್ತೇವಲ್ಲ, ಹಾಗೆ. ಲ್ಯಾಬಿನವರು ಕತ್ತರಿಸಿದ ಅಂಚಿಗೆ ಶಾಯಿ ಹಚ್ಚುತ್ತಾರೆ. ಕ್ಯಾನ್ಸರಿನಿಂದ ಆ ಶಾಯಿಗೆ ಎಷ್ಟು ದೂರ ಎಂದು ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತಾರೆ. ಬಾಯಿಯಲ್ಲಿ ನಮಗೆ 5 ಮಿಲಿಮೀಟರ್ ಬೇಕು. ಇಲ್ಲಿ 3 ಉಂಟು.” ಸ್ಕೇಲಿಟ್ಟು ಆ ಎರಡು ಗೆರೆಗಳ ನಡುವಿನ ಅಂತರ ತೋರಿಸಿದೆ.

“ಪೂರ್ತಿ ಹೋಗಿದೆಯಾ?” ಮಗ ಕೇಳಿದ.

“ಕಂಡದ್ದನ್ನು ತೆಗೆದಿದ್ದೇವೆ. ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಆದರೆ ಅದರ ಹತ್ತಿರದವರೆಗೆ ಬಂದಿತ್ತು. ಒಂದು ಕೋಶವೂ ಉಳಿದಿಲ್ಲ ಎಂದು ಯಾವ ರಿಪೋರ್ಟೂ ಹೇಳಲಾರದು.” ಇಷ್ಟು ಹೇಳಿ ಸುಮ್ಮನಾದೆ. ಆ ಮೌನ ಬಹಳ ಕಷ್ಟದ್ದು. ಏನಾದರೂ ಸಮಾಧಾನ ಹೇಳಿ ತುಂಬಿಸೋಣ ಎನಿಸುತ್ತದೆ. ಆದರೆ ಅವರ ನಿಜವಾದ ಪ್ರಶ್ನೆ ಬರುವುದು ಆಗಲೇ. ಮತ್ತೆ ಕತ್ತರಿಸುವುದೋ ರೇಡಿಯೇಶನ್ ಕೊಡುವುದೋ ಎಂದು ನಾವು ಡಾಕ್ಟರುಗಳೆಲ್ಲ ಕೂತು ಮಾತಾಡಿದ್ದನ್ನೂ ರೇಡಿಯೇಶನ್ ಎಂದು ತೀರ್ಮಾನಿಸಿದ್ದನ್ನೂ ಆಮೇಲೆ ತಿಳಿಸಿದೆ.

ಅಮ್ಮನಿಗೆ ಹೇಳುವುದು ಬೇಡವೆಂದು ಮಗ ಮೊದಲೇ ಕೇಳಿಕೊಂಡಿದ್ದ. ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳುತ್ತೇನೆ ಎಂದಿದ್ದೆ. ಹಾಗೇ ಕೇಳಿದೆ. ನಾಲಗೆಯ ಸರ್ಜರಿಯಾಗಿ ಅಮ್ಮನಿಗಿನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ನನ್ನ ಪೆನ್ ತೆಗೆದುಕೊಂಡು, ಆ ಎರಡು ಉರುಟುಗಳ ಕೆಳಗೆ ಬರೆದರು: “ಯಾವಾಗ ಶುರು?”

ಆಪರೇಶನ್ ಆದ ದಿನದಿಂದ ಆರು ವಾರದೊಳಗೆ ಎಂದೆ. ಅವರು ಬೆರಳು ಮಡಿಸುತ್ತಾ ವಾರಗಳನ್ನು ಎಣಿಸತೊಡಗಿದರು.