ಚನ್ನಪಟ್ಟಣದ ದೀಪ ನ್ಯೂಜೆರ್ಸಿಯಲ್ಲಿ ಬೆಳಗಬೇಕಾದರೆ

ನಾನು ಮೊದಲ ಸಲ ಅಮೆರಿಕಕ್ಕೆ ಮಾರಿದ್ದು ಒಂದು ಟೇಬಲ್ ಲ್ಯಾಂಪ್. ಆಲೆ ಮರವನ್ನು ಲೇತ್‌ನಲ್ಲಿ ತಿರುವಿ, ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ದೀಪ. ಪಾರ್ಸಲ್ ಮುಟ್ಟಿದ ದಿನವೇ ನ್ಯೂಜೆರ್ಸಿಯಿಂದ ಒಂದು ಫೋಟೊ ಬಂತು. ಗೋಡೆಯ ಸಾಕೆಟ್‌ನಲ್ಲಿ ಉದ್ದುದ್ದ ಎರಡು ಸೀಳು. ಅದರ ಪಕ್ಕ ಹಿಡಿದ ನಮ್ಮ ಪ್ಲಗ್‌ನಲ್ಲಿ ದುಂಡನೆಯ ಎರಡು ಪಿನ್. ಕೆಳಗೆ ಒಂದೇ ಸಾಲು: ‘ಇದನ್ನ ಎಲ್ಲಿಗೆ ಹಾಕೋದು ಸಾರ್?’

ತಪ್ಪು ದೀಪದ್ದಲ್ಲ, ಮಾರಾಟದ ಪುಟದಲ್ಲಿ ನಾನು ಬರೆದ ವಿವರದ್ದು. ‘ಮರದ ಲ್ಯಾಂಪ್, 15 ಇಂಚು, ವೈರ್ ಪ್ಲಗ್ ಸಮೇತ’ ಅಂತಷ್ಟೇ ಹಾಕಿದ್ದೆ. ಊರಿನ ಗಿರಾಕಿಗೆ ಅಷ್ಟು ಸಾಕು. ಹೊರದೇಶದವರಿಗೆ ಅದೇ ಪುಟವನ್ನು ಹೇಗೆ ತಿದ್ದಿ ಬರೆಯುವುದು ಅನ್ನುವುದನ್ನು ಅದೇ ದೀಪ ಇಟ್ಟುಕೊಂಡು ನೋಡೋಣ.

ಮೊದಲು ಟೇಪ್ ಹಿಡಿಯಿರಿ

ಹಳೆಯ ಪುಟದ ಅಳತೆಯನ್ನು ನಂಬಬೇಡಿ, ಮತ್ತೆ ಅಳೆಯಿರಿ. ಸೆಂಟಿಮೀಟರ್‌ನಲ್ಲೇ ಅಳೆದು, ಆಮೇಲೆ 2.54ರಿಂದ ಭಾಗಿಸಿದರೆ ಇಂಚು ಸಿಗುತ್ತದೆ. ನಮ್ಮ ದೀಪದ ಎತ್ತರ 38 ಸೆಂ.ಮೀ. ಭಾಗಿಸಿದರೆ 14.96. ಇದನ್ನು 15 ಇಂಚು ಅಂತ ಬರೆಯಬಹುದು. ಕ್ಯಾಲ್ಕುಲೇಟರ್ ತೋರಿಸಿತು ಅಂತ 14.96 ಎಂದೇ ಹಾಕಿದರೆ, ಕೈಯಲ್ಲಿ ತಿರುವಿದ ಮರಕ್ಕೆ ಇಲ್ಲದ ನಿಖರತೆಯನ್ನು ನಾವೇ ಮಾತು ಕೊಟ್ಟಂತೆ.

ವೈರ್ ವಿಷಯ ಬೇರೆ. 1.5 ಮೀಟರ್ ಅಂದರೆ 4 ಅಡಿ 11 ಇಂಚು. ಇದನ್ನು 5 ಅಡಿ ಅಂದುಬಿಡಬೇಡಿ. ಸಾಕೆಟ್ ಎಷ್ಟು ದೂರ ಇದೆ ಅಂತ ಅಳೆದೇ ಕೊಳ್ಳುವವರಿದ್ದಾರೆ. ಅವರಿಗೆ ಒಂದು ಇಂಚು ಜಾಸ್ತಿ ಸಿಕ್ಕರೆ ತೊಂದರೆಯಿಲ್ಲ, ಕಡಿಮೆ ಸಿಕ್ಕರೆ ದೂರು ಬರುತ್ತದೆ. ಎತ್ತರ ಅಂದಾಗ ಶೇಡ್ ಸೇರಿಸಿಯೋ ಬಿಟ್ಟೋ ಅನ್ನುವುದನ್ನೂ ಬರೆಯಿರಿ.

ಪ್ಲಗ್ ಬೇರೆ, ವೋಲ್ಟೇಜ್ ಬೇರೆ, ಹೋಲ್ಡರ್ ಬೇರೆ

ಈ ಮೂರನ್ನೂ ಒಂದೇ ಅಂದುಕೊಳ್ಳುವುದೇ ದೊಡ್ಡ ಎಡವಟ್ಟು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಬ್ರಿಟನ್‌ನಲ್ಲಿ ನಮ್ಮಂತೆಯೇ 230, ಆದರೆ ಪ್ಲಗ್‌ಗೆ ಮೂರು ಚೌಕ ಪಿನ್. ಅಂಗಡಿಯಲ್ಲಿ ಸಿಗುವ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೆ, ವೋಲ್ಟೇಜ್ ಬದಲಿಸುವುದಿಲ್ಲ. ನಾನೂ ಆಗ ‘ಒಂದು ಅಡಾಪ್ಟರ್ ತಗೊಳ್ಳಿ’ ಅಂತ ಉತ್ತರ ಕೊಟ್ಟೆ. ಅವರು ತಗೊಂಡರು, ದೀಪ ಹತ್ತಲಿಲ್ಲ. ಯಾಕೆಂದರೆ ನಾನು ಜೊತೆಗೆ ಕಳಿಸಿದ್ದ ಎಲ್‌ಇಡಿ ಬಲ್ಬ್ 220–240 ವೋಲ್ಟ್‌ನದ್ದು.

ಮಿಕ್ಸಿ, ಗ್ರೈಂಡರ್ ತರದ ಮೋಟರ್ ಇರುವ ವಸ್ತುವಾದರೆ ವೋಲ್ಟೇಜೂ ಹರ್ಟ್ಜೂ ಎರಡೂ ಕಾಡುತ್ತವೆ. ಲ್ಯಾಂಪ್ ಅಷ್ಟು ಕಷ್ಟದ್ದಲ್ಲ. ಅದು ಬರೀ ವೈರ್, ಸ್ವಿಚ್, ಹೋಲ್ಡರ್. ಕರೆಂಟಿಗೆ ಹೊಂದಬೇಕಾದ್ದು ಬಲ್ಬ್. ಹಾಗಾದರೆ ಅಲ್ಲಿಯ ಬಲ್ಬ್ ತಂದು ಹಾಕಿದರಾಯಿತಲ್ವಾ? ಆಗಲಿಲ್ಲ. ನಮ್ಮ ಹೋಲ್ಡರ್ ಬಿ22, ಅಂದರೆ ಬಲ್ಬನ್ನು ಒತ್ತಿ ತಿರುಗಿಸಿ ಸಿಕ್ಕಿಸುವಂಥದ್ದು. ಅಮೆರಿಕದ ಮನೆಗಳಲ್ಲಿ ಬಳಸುವುದು ಇ26, ಸ್ಕ್ರೂ ಹಾಗೆ ತಿರುಪುವ ಬಲ್ಬ್. ಯುರೋಪಿನ ಇ27 ನೋಡಲು ಅದರ ಅವಳಿಯಂತಿದೆ, ಎಷ್ಟೋ ಸಲ ತಿರುಪಿಗೂ ಕೂರುತ್ತದೆ. ಹಾಗಂತ ಎರಡೂ ಒಂದೇ ಎಂದು ಬರೆಯಬೇಡಿ, ಅವು ತಯಾರಾಗುವುದೇ ಬೇರೆ ಬೇರೆ ವೋಲ್ಟೇಜಿಗೆ. ಬ್ರಿಟನ್‌ನಲ್ಲಿ ಬಿ22 ಈಗಲೂ ಚಾಲ್ತಿಯಲ್ಲಿದೆ.

ಹಾಗಾಗಿ ಅಮೆರಿಕಕ್ಕೆ ಹೋಗುವ ದೀಪಕ್ಕೆ ಇ26 ಹೋಲ್ಡರ್, ಒಂದು ಅಲಗು ಅಗಲವಾಗಿರುವ ಅಲ್ಲಿಯ ಪ್ಲಗ್ ಹಾಕಿಸಿ. ಆ ಅಗಲದ ಅಲಗು ನ್ಯೂಟ್ರಲ್. ಅದು ಹೋಲ್ಡರ್‌ನ ತಿರುಪಿನ ಲೋಹಕ್ಕೇ ಸೇರಬೇಕು. ಅದಲುಬದಲಾದರೂ ದೀಪ ಹತ್ತುತ್ತದೆ, ಆದರೆ ಬಲ್ಬ್ ಬದಲಿಸುವ ಕೈಗೆ ಶಾಕ್ ಹೊಡೆಯಬಹುದು. ಹತ್ತಿತು ಅಂತ ಸುಮ್ಮನಾಗದೆ, ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ನೋಡಿಸಿ. ಬ್ರಿಟನ್‌ಗಾದರೆ 3 ಆಂಪಿಯರ್ ಫ್ಯೂಸ್ ಇರುವ ಅಲ್ಲಿಯ ಪ್ಲಗ್ಗನ್ನೇ ಕೂರಿಸಿ ಕಳಿಸಬೇಕು. ಮನೆ ಬಳಕೆಯ ವಸ್ತುವಿಗೆ ಪ್ಲಗ್ ಹಾಕಿಯೇ ಮಾರಬೇಕು ಅನ್ನುವ 1994ರ ನಿಯಮ ಅಲ್ಲಿದೆ.

ಇನ್ನೊಂದು ಮಾತು. ಹೋಲ್ಡರ್ ಮೇಲೆ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುಎಲ್‌ನ ಮುದ್ರೆ ಇದ್ದ ಮಾತ್ರಕ್ಕೆ ಇಡೀ ದೀಪಕ್ಕೆ ಯುಎಲ್ ಪ್ರಮಾಣ ಸಿಕ್ಕಂತಲ್ಲ. ‘ಹೋಲ್ಡರ್ ಯುಎಲ್ ಮುದ್ರೆಯದ್ದು’ ಅಂತ ಬೇಕಾದರೆ ಬರೆಯಿರಿ, ಅದರಾಚೆಗೆ ಒಂದು ಪದವೂ ಬೇಡ.

ಅಮೆರಿಕದವರಿಗಾಗಿ ನಾನು ಈಗ ಹಾಕುವ ಸಾಲುಗಳು ಇವು:

```
Height: 38 cm (15 in), without shade
Cord: 1.5 m (4 ft 11 in)
Weight: 900 g (2 lb)
Socket: E26   Plug: Type A, polarized
For 120V. Use LED bulb, max 9W.
Bulb and shade not included.
```

ಇದರ ಜೊತೆ ಪ್ಲಗ್ಗಿನದ್ದೇ ಒಂದು ಫೋಟೊ, ಹೋಲ್ಡರ್ ಒಳಗಿನದ್ದು ಇನ್ನೊಂದು. ದೀಪದ ಹತ್ತು ಚಂದದ ಫೋಟೊಗಳಿಗಿಂತ ಈ ಎರಡರಿಂದ ಪ್ರಶ್ನೆಗಳು ಕಡಿಮೆಯಾಗುತ್ತವೆ.

ಶೇಡ್ ಯಾಕೆ ಬಿಟ್ಟೆ?

ಬಹುತೇಕ ಕೊರಿಯರ್‌ನವರು ತೂಕ ಒಂದನ್ನೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ, ನಿಜವಾದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಶೇಡ್ ಸಮೇತ ನನ್ನ ಪೆಟ್ಟಿಗೆ 45×32×32. ಲೆಕ್ಕ ಹಾಕಿದರೆ 9.2 ಕೆ.ಜಿ.! ತಕ್ಕಡಿಯಲ್ಲಿ ಎರಡು ಕೆ.ಜಿ.ಯೂ ಇಲ್ಲ. ಶೇಡ್ ತೆಗೆದು 44×18×18ರ ಪೆಟ್ಟಿಗೆಗೆ ಇಳಿಸಿದರೆ 2.85. ಸುಮ್ನೆ ಗಾಳಿಗೆ ಬಾಡಿಗೆ ಕಟ್ಟುತ್ತಿದ್ದೆ.

ಆದರೆ ಶೇಡ್ ಬಿಟ್ಟರೆ ಇನ್ನೊಂದು ತೊಡಕು ಬರುತ್ತದೆ. ಅಮೆರಿಕದ ಎಷ್ಟೋ ಶೇಡ್‌ಗಳು ‘ಹಾರ್ಪ್’ ಅನ್ನುವ ತಂತಿ ಕಮಾನಿನ ಮೇಲೆ ಕೂರುತ್ತವೆ. ನಿಮ್ಮ ದೀಪಕ್ಕೆ ಆ ಕಮಾನು ಇದೆಯೋ, ಇಲ್ಲ ಶೇಡ್‌ನ ರಿಂಗ್ ನೇರ ಹೋಲ್ಡರ್ ಮೇಲೇ ಕೂರಬೇಕೋ ಅನ್ನುವುದನ್ನು ಬರೆಯದಿದ್ದರೆ, ಕೊಂಡವರು ಶೇಡ್ ತಂದಮೇಲೆ ನಿಮಗೆ ಮತ್ತೊಂದು ಫೋಟೊ ಬರುತ್ತದೆ.

ಸುಂಕ ಯಾರ ಜೇಬಿನಿಂದ

ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ನಿಂತಿದೆ. ಹಳೆಯ ಪುಟದಲ್ಲಿ ‘ಸುಂಕ ಇಲ್ಲ’ ಅಂತ ಇದ್ದರೆ ಇವತ್ತೇ ಅಳಿಸಿ. ಸುಂಕ ಬೆಲೆಯಲ್ಲೇ ಸೇರಿದೆಯೋ, ಬಾಗಿಲಲ್ಲಿ ಅವರೇ ಕಟ್ಟಬೇಕೋ ಅನ್ನುವುದನ್ನು ಕೊಳ್ಳುವ ಮುಂಚೆಯೇ ಕಾಣುವಂತೆ ಹಾಕಿ. ಕಾಣದಿದ್ದರೆ ಕೆಲವರು ಪಾರ್ಸಲ್ ಬಿಡಿಸಿಕೊಳ್ಳುವುದೇ ಇಲ್ಲ, ವಾಪಸ್ ತರಿಸುವ ಖರ್ಚು ದೀಪದ ಬೆಲೆಗೆ ಸಮ.

ವ್ಯಾಪಾರಕ್ಕೆ ಕಳಿಸಲು ನಿಮ್ಮ ಹತ್ತಿರ ಆಮದು-ರಫ್ತಿಗೆ ಸರ್ಕಾರ ಕೊಡುವ ಐಇಸಿ ನಂಬರ್ ಇರಬೇಕು. ಕಸ್ಟಮ್ಸ್ ಚೀಟಿಯಲ್ಲಿ ‘ಕರಕುಶಲ ವಸ್ತು’ ಅಂತ ಬರೆದರೆ ಸಾಲದು. ‘ಮರದ ವಿದ್ಯುತ್ ಟೇಬಲ್ ಲ್ಯಾಂಪ್’ ಅಂತಲೇ ಬರೆಯಿರಿ. ಕಸ್ಟಮ್ಸ್‌ನವರು ಸರಕಿನ ಬಗೆ ಗುರುತಿಸುವ ಎಚ್‌ಎಸ್ ಕೋಡ್ ದೀಪಕ್ಕೆ 9405ರಿಂದ ಶುರುವಾಗುತ್ತದೆ. ‘ಗಿಫ್ಟ್ ಅಂತ ಹಾಕಿಬಿಡಿ’ ಅನ್ನುವ ಗಿರಾಕಿಗಳು ಸಿಗುತ್ತಾರೆ. ನಯವಾಗಿ ಆಗಲ್ಲ ಅನ್ನಿ.

ಕೊನೆಗೆ ದಿನಗಳ ಲೆಕ್ಕ. ದೀಪ ಮಾಡಿ ಪ್ಯಾಕ್ ಮಾಡಲು ಎಷ್ಟು ದಿನ, ದಾರಿಯಲ್ಲಿ ಎಷ್ಟು ದಿನ ಅನ್ನುವುದನ್ನು ಬೇರೆ ಬೇರೆ ಬರೆಯಿರಿ. ತಿಂಗಳನ್ನು ಅಂಕಿಯಲ್ಲಿ ಹಾಕಬೇಡಿ, ಹೆಸರಿನಲ್ಲಿ ಹಾಕಿ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಅವರು ಒಂದು ತಿಂಗಳು ಮೊದಲೇ ಬಾಗಿಲು ನೋಡುತ್ತಾ ಕೂತಿರುತ್ತಾರೆ.