ಜುಲೈ ಬಿಸಿಲಿನಲ್ಲಿ ಮಸ್ಕತ್‌ನಿಂದ ಸಲಾಲಾಕ್ಕೆ ಕಾರಿನಲ್ಲೇ: ನನ್ನ ಅನುಭವ

ಎಪ್ಪತ್ತು ದಾಟಿದ ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಜುಲೈಯಲ್ಲಿ ಸುಮಾರು 1000 ಕಿ.ಮೀ. ಮರುಭೂಮಿ ದಾಟಿ ಒಮಾನಿನ ದಕ್ಷಿಣ ಕರಾವಳಿಯ ತಂಪು ಊರು ಸಲಾಲಾಕ್ಕೆ ಹೋಗುವುದು ಹುಚ್ಚುತನವೆಂದು ಮಸ್ಕತ್‌ನ ನಮ್ಮವರೆಲ್ಲ ಹೇಳಿದರು. ಆದರೆ ಶಾಲಾ ರಜೆಯಲ್ಲಿ ನಾಲ್ವರು ಮಂಗಳೂರಿಗೆ ಹೋಗಿ ಬರಲು ಟಿಕೆಟ್ಟಿಗೇ ಆರುನೂರು ರಿಯಾಲಿನಷ್ಟು ಆಗುತ್ತಿತ್ತು. ಹಿಂದೊಮ್ಮೆ ತಂಪಿಗೆಂದು ಜಬಲ್ ಅಖ್ದರ್ ಬೆಟ್ಟವನ್ನು ಪ್ರಯತ್ನಿಸಿದ್ದೆವು; ಅಲ್ಲಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕಾದ್ದರಿಂದ ಬಾಡಿಗೆಯೇ ದುಬಾರಿಯಾಯಿತು, ಮಧ್ಯಾಹ್ನದ ಬಿಸಿಲೂ ಬಿಡಲಿಲ್ಲ.

ಈ ಸಲ ತಮ್ಮನ ಸಂಸಾರ ಒಮಾನ್‌ಗೂ ಅನ್ವಯಿಸುವ ವಾಹನ ವಿಮೆ ಮಾಡಿಸಿಕೊಂಡು ದುಬೈಯಿಂದ ಬಂದು ನಿಜ್ವಾದಲ್ಲಿ ನಮ್ಮನ್ನು ಕೂಡಿಕೊಂಡಿತು. ಒಂಟೆಗಳ ಭಯದಿಂದ ರಾತ್ರಿ ಪ್ರಯಾಣ ಬೇಡವೆಂದು ನಡುದಾರಿಯ ಹೈಮಾದಲ್ಲಿ ತಂಗಿ, ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನ ಮೂರರೊಳಗೆ ತುಮ್ರೈತ್ ದಾಟಿದೆವು. ನನ್ನ ಯೋಜನೆಯೆಲ್ಲ ಈ ಒಂದು ಹೊತ್ತಿನ ಮೇಲೆಯೇ ನಿಂತಿತ್ತು, ಏಕೆಂದರೆ ತುಮ್ರೈತ್‌ನಿಂದ ಸಲಾಲಾಕ್ಕೆ ಉಳಿಯುವ ಎಂಬತ್ತು ಕಿ.ಮೀ.ಯಲ್ಲಿ ಘಟ್ಟವಿದೆ. ನೈರುತ್ಯ ಮುಂಗಾರಿನ ಗಾಳಿ ಸಲಾಲಾ ಇರುವ ಧೋಫಾರ್ ಕರಾವಳಿಯಲ್ಲಿ ಆಳದ ತಣ್ಣೀರನ್ನು ಮೇಲೆತ್ತುವುದರಿಂದ, ಅದರ ಮೇಲೆ ಹಾದು ತಂಪಾದ ತೇವದ ಗಾಳಿ ಕಡಲಿಗೆ ಮುಖಮಾಡಿದ ಬೆಟ್ಟಗಳಲ್ಲಿ ಮಂಜಾಗಿ ನಿಲ್ಲುತ್ತದೆ. ಬೆಟ್ಟದ ಬೆನ್ನ ಬದಿಗೆ ಮಂಜೇ ಇಲ್ಲ. ಕಾರಿನ ಉಷ್ಣಮಾಪಕ ಕೆಲವೇ ನಿಮಿಷಗಳಲ್ಲಿ ನಲವತ್ತರ ಆಚೆಯಿಂದ ಇಪ್ಪತ್ತೈದರ ಆಸುಪಾಸಿಗೆ ಇಳಿಯಿತು.

ತೊಂದರೆ ಶುರುವಾದದ್ದೂ ಅಲ್ಲೇ. ಎ.ಸಿ.ಯಿಂದ ತಣ್ಣಗಾಗಿದ್ದ ಮುಂದಿನ ಗಾಜಿನ ಹೊರಮೈಗೆ ತೇವ ಹಿಡಿದು, ಎದುರಿನ ರಸ್ತೆಯೇ ಬಿಳಿಯಾಯಿತು. ಇಂಥಲ್ಲಿ ಒಳಗಿನಿಂದ ಎಷ್ಟು ಒರೆಸಿದರೂ ವ್ಯರ್ಥ. ಗಾಜಿನ ಕಡೆಗೆ ಬೀಸುವ ತಣ್ಣನೆಯ ಗಾಳಿಯನ್ನು ನಿಲ್ಲಿಸಿ, ವೈಪರ್ ಹಾಕಿ, ದೀಪವನ್ನು ಡಿಮ್‌ನಲ್ಲಿಟ್ಟು ನಿಧಾನವಾಗಿ ಇಳಿದೆವು. ಇದೇ ಇಳಿಜಾರನ್ನು ಕತ್ತಲಾದ ಮೇಲೆ ಇಳಿಯಲು ನಾನಂತೂ ಒಪ್ಪುವುದಿಲ್ಲ.

ಇಲ್ಲಿನವರು ಖರೀಫ್ ಎನ್ನುವ ಈ ಮಂಜು-ಮಳೆಯ ಕಾಲದಲ್ಲಿ ಸಲಾಲಾದ ಹೋಟೆಲ್ ದರ ಕೈಗೆಟುಕದು. ನಾವು ಮೂರು ಕೋಣೆಗಳ ಮನೆಯನ್ನು ರಾತ್ರಿಗೆ ನಲವತ್ತು ರಿಯಾಲಿನಂತೆ ಹಿಡಿದು ತಮ್ಮನೊಂದಿಗೆ ಹಂಚಿಕೊಂಡೆವು. ಹೇಗೆ ಹಿಡಿದೆವೆಂದು ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ನಮಗೇ ಸಿಗಲಾರದು. ಪೆಟ್ರೋಲ್, ಅಡುಗೆ ಸಾಮಾನು, ಹೈಮಾದ ತಂಗುವಿಕೆ ಎಲ್ಲ ಸೇರಿ ನಮ್ಮ ಪಾಲಿಗೆ ಮುನ್ನೂರೈವತ್ತರೊಳಗೆ ಮುಗಿಯಿತು. ಅಡ್ಡಿ ಹೇಳಿದವರಲ್ಲಿ ಇಬ್ಬರು ಈಗ ನನ್ನ ಬಳಿ ದಾರಿ ಕೇಳುತ್ತಿದ್ದಾರೆ.

ವಾದಿ ದರ್ಬಾತ್ ಕಣಿವೆಯ ಹಸಿರು ನೋಡಿ, ಆಗುಂಬೆಯ ಮಂಜನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ಅಮ್ಮ ಕೇಳಿದರು. ಆದರೂ ರಸ್ತೆಬದಿಯ ಎಳನೀರಿನ ಅಂಗಡಿಯಿಂದ ಅವರನ್ನು ಎಬ್ಬಿಸುವುದು ಕಷ್ಟವಾಯಿತು. ಜಿನುಗು ಮಳೆಗೆ ಒಗೆದ ಬಟ್ಟೆ ಮಾತ್ರ ಒಣಗಲೇ ಇಲ್ಲ. ತಮ್ಮನೂ ನಾನೂ ಎರಡು ಬಕೆಟ್ ಬಟ್ಟೆಯನ್ನು ಕಾರಿಗೆ ಹಾಕಿಕೊಂಡು ಘಟ್ಟ ಹತ್ತಿ, ಮಂಜಿನ ಗೆರೆ ದಾಟಿ, ಎರಡು ಕಾರುಗಳ ನಡುವೆ ಹಗ್ಗ ಕಟ್ಟಿ ಹರವಿದೆವು. ಅರ್ಧ ಗಂಟೆಯಲ್ಲಿ ಎಲ್ಲವೂ ಗರಿಗರಿಯಾಯಿತು, ಆದರೆ ಪೆಟ್ರೋಲಿನ ಲೆಕ್ಕ ಹಾಕಿದರೆ ಇಸ್ತ್ರಿಪೆಟ್ಟಿಗೆಯೇ ಅಗ್ಗ.